'ಎಷ್ಟು ಜನ ಬೇಕಾದರೂ ಬನ್ನಿ' ಎಂದು ಬರೆಯುವ ಬದಲು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗೆ ಬೇಜಾರಾಗಿದೆ ಎಂದು ತಿಳಿಯಬೇಕಾದರೆ ಯಾರು ಜಾಸ್ತಿ ವಿನಯದಿಂದ ಬರೆದಿದ್ದಾರೆ ಎಂದು ನೋಡಬೇಕು. 'ಅಡ್ಡಿಲ್ಲೆ ಬಿಡಿ, ನಮಗೆ ಅಭ್ಯಾಸ ಆಗಿದೆ.' 'ನೀವು ತಿಳಿದವರು, ನಿಮಗೆ ಹೇಳುವಷ್ಟು ನಾವು ದೊಡ್ಡವರಲ್ಲ.' 'ಪುರುಸೊತ್ತು ಇರೋರು ಪುಣ್ಯವಂತರು.' ಕೊನೆಗೆ ಕೈ ಮುಗಿಯುವ ಎರಡು ಚಿತ್ರ. ಇಂಥ ಮಾತು ಬಂದ ಮೇಲೆ ಗ್ರೂಪು ಗಂಟೆಗಟ್ಟಲೆ ಸುಮ್ಮನಿರುತ್ತದೆ. ಎಲ್ಲರೂ ಓದಿರುತ್ತಾರೆ, ನೀಲಿ ಗೆರೆ ಕಾಣುತ್ತದೆ, ಯಾರೂ ಏನೂ ಹೇಳುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಯಾರೋ ಒಬ್ಬರು ಗಣಪತಿಯ ಫೋಟೋ ಹಾಕಿ ಶುಭೋದಯ ಎಂದಾಗ ಆ ವಿಷಯ ಮೇಲೆ ಹೋಗಿಬಿಡುತ್ತದೆ. ಮನಸ್ಸಿನಿಂದ ಮಾತ್ರ ಹೋಗುವುದಿಲ್ಲ.

ಯಾರೂ ಯಾಕೆ ಉತ್ತರ ಕೊಡುವುದಿಲ್ಲ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಓದಿದವರು ಕೆಟ್ಟವರಲ್ಲ, ದಪ್ಪ ಚರ್ಮದವರೂ ಅಲ್ಲ. ಆ ಸಾಲಿನಲ್ಲಿ ಉತ್ತರ ಕೊಡುವಂಥದ್ದು ಏನೂ ಇರುವುದಿಲ್ಲ, ಅದೇ ಕಾರಣ. 'ನಮಗೆ ಅಭ್ಯಾಸ ಆಗಿದೆ' ಎಂದರೆ ಓದಿದವರು ಏನು ಮಾಡಬೇಕು? ಹೂಂ ಎನ್ನಬೇಕಾ, ತಪ್ಪಾಯಿತು ಎನ್ನಬೇಕಾ, ಬಸ್ಸು ಹತ್ತಿ ಬರಬೇಕಾ? ಕೊಂಕು ಮಾತು ನೋವನ್ನು ತೋರಿಸುತ್ತದೆ, ಆದರೆ ಏನು ಮಾಡಿದರೆ ಆ ನೋವು ಕಡಿಮೆ ಆಗುತ್ತದೆ ಎಂಬುದನ್ನು ಮುಚ್ಚಿಡುತ್ತದೆ. ಹಾಗಾಗಿ ಒಂದೇ ಜಗಳ ಪ್ರತಿ ವರ್ಷ ಹೊಸದಾಗಿ ಬರುತ್ತದೆ.

ಇದು ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಅತ್ತಿಗೆಯ ಒಂದು ಮೆಸೇಜಿನಿಂದ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕಬೇಡ, ಉಳಿದದ್ದು ಬರೆ ಎಂದಿದ್ದಾರೆ.

ತಿಥಿಯ ವಾರ

ನನ್ನ ತವರು ಮನೆ ಶಿರಸಿಯ ಹತ್ತಿರ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ. ಅಣ್ಣ, ಅತ್ತಿಗೆ, ಆಯಿ ಅಲ್ಲಿ ಇರುತ್ತಾರೆ. ತಮ್ಮ ಬೆಂಗಳೂರಿನಲ್ಲಿ, ನಾನು ಮದುವೆಯಾಗಿ ಕಾರವಾರದಲ್ಲಿ. ಅಪ್ಪಯ್ಯನ ತಿಥಿಗೆ ಎಲ್ಲರೂ ಸೇರುತ್ತೇವೆ. ಆ ಸಲ ಶನಿವಾರ ತಿಥಿ ಬಂದಿತ್ತು. ಸೋಮವಾರ ಬೆಳಿಗ್ಗೆ ತಮ್ಮ ಗ್ರೂಪಿನಲ್ಲಿ ಹಾಕಿದ: 'ತಿಥಿಗೆ ಬರ್ತಾ ಇದೀವಿ. ಎಷ್ಟು ಜನ ಅಂತ ನೋಡಿ ಹೇಳ್ತೀವಿ.'

ತಿಥಿ ಅಡುಗೆ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಡಿಯಲ್ಲಿ ಮಾಡಬೇಕು. ವಡೆಗೆ ಉದ್ದು ಹಿಂದಿನ ಲೆಕ್ಕದಲ್ಲಿ ನೆನೆಸಿರುತ್ತಾರೆ, ಸುಟ್ಟೇವಿಗೆ ಹೂರಣ ಮೊದಲೇ ಆಗಿರಬೇಕು. ಕರ್ಮ ಮುಗಿದು ಭಟ್ಟರ ಊಟ ಆಗಿ ಮನೆಯವರ ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತದೆ. ಅದರ ಹಿಂದಿನ ವರ್ಷ ತಮ್ಮನ ಕಡೆಯಿಂದ ಐದು ಜನ ಎಂಬ ಅಂದಾಜು ಇತ್ತು. ಅವನ ಮಾವನ ಮನೆಯವರೂ ಊರು ನೋಡಿದ ಹಾಗಾಯಿತು ಎಂದು ಹೊರಟು, ಎರಡು ಕಾರಿನಲ್ಲಿ ಹನ್ನೊಂದು ಜನ ಬಂದಿಳಿದರು. ಬಂದವರ ಮೇಲೆ ಯಾರಿಗೂ ಬೇಜಾರಿರಲಿಲ್ಲ, ಒಳ್ಳೆಯ ಜನ. ಆದರೆ ಅತ್ತಿಗೆ ಮತ್ತೆ ಅಕ್ಕಿ ತೊಳೆದು ಒಲೆಗೆ ಇಟ್ಟರು. ಪ್ರಯಾಣದಿಂದ ಬಂದ ಮಕ್ಕಳು ಅಡುಗೆಮನೆಗೆ ಓಡಿ ಬಂದು ಅವರ ಸೆರಗು ಹಿಡಿದವು. ಅವರು ಮತ್ತೆ ಸ್ನಾನ ಮಾಡಿ ಮಡಿ ಉಟ್ಟು ಬಂದರು. ಅವರು ಊಟಕ್ಕೆ ಕೂತಾಗ ನಾಲ್ಕು ಗಂಟೆ. ಎಲೆಯಲ್ಲಿ ವಡೆ ಇರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಅವರು ಏನೂ ಮಾತಾಡದೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡು ಎದ್ದರು.

ಹೀಗಿರುವಾಗ ತಮ್ಮನ 'ನೋಡಿ ಹೇಳ್ತೀವಿ' ಬಂತು. ಅತ್ತಿಗೆ ಒಂದು ಉತ್ತರ ಟೈಪ್ ಮಾಡಿದರು. ಗ್ರೂಪಿಗೆ ಹಾಕುವ ಮುಂಚೆ ನನಗೆ ಕಳಿಸಿ ಫೋನ್ ಮಾಡಿದರು. ಅದು ಹೀಗಿತ್ತು: 'ಅಡ್ಡಿಲ್ಲೆ, ಎಷ್ಟು ಜನ ಬೇಕಾದ್ರೂ ಬನ್ನಿ. ಮನೇಲಿ ಇರೋರಿಗೆ ಬೇರೆ ಎಂತ ಕೆಲಸ ಇದ್ದು?' ಮುಂದೆ ಕೈ ಮುಗಿಯುವ ಚಿತ್ರ.

ಒಂದು ಸಾಲು, ನಾಲ್ಕು ಓದು

'ಹಾಕಲಾ?' ಎಂದು ಕೇಳಿದರು. ಸ್ವಲ್ಪ ತಡೆಯಿರಿ ಎಂದೆ. ಇದನ್ನು ಯಾರು ಯಾರು ಹೇಗೆ ಓದುತ್ತಾರೆ ಎಂದು ಇಬ್ಬರೂ ಸೇರಿ ನೋಡಿದೆವು. ತಮ್ಮ ಮೊದಲ ಅರ್ಧವನ್ನು ಓದುತ್ತಾನೆ. ಎಷ್ಟು ಜನ ಬೇಕಾದರೂ ಬರಬಹುದಂತೆ, ಸರಿ ಎನ್ನುತ್ತಾನೆ. ಅವನ ಹೆಂಡತಿ ಎರಡನೇ ಅರ್ಧವನ್ನು ಓದುತ್ತಾಳೆ. ಅವಳು ಆಫೀಸಿಗೆ ಹೋಗುವವಳು, ಇದು ತನಗೇ ಹೇಳಿದ್ದು ಎಂದುಕೊಳ್ಳುತ್ತಾಳೆ. ಹುಬ್ಬಳ್ಳಿಯ ಚಿಕ್ಕಪ್ಪನಿಗೆ ಕಾಣುವುದು ಹಿರಿ ಸೊಸೆಯ ದನಿ ಮಾತ್ರ. ಆಯಿಗೆ ಯಾರಾದರೂ ಓದಿ ಹೇಳಿದರೆ ತನ್ನಿಂದಲೇ ಸೊಸೆಗೆ ಕಷ್ಟವಾಗುತ್ತಿದೆ ಎಂದು ರಾತ್ರಿ ನಿದ್ದೆ ಬಿಡುತ್ತಾಳೆ. ಹಿಂದಿನ ವರ್ಷ ನಾಲ್ಕು ಗಂಟೆಗೆ ವಡೆ ಇಲ್ಲದ ಎಲೆಯ ಮುಂದೆ ಕೂತವರ ವಿಷಯ ಈ ನಾಲ್ವರಲ್ಲಿ ಒಬ್ಬರಿಗೂ ತಲುಪುವುದಿಲ್ಲ.

ಬರೆಯುವವರಿಗೆ ತಮ್ಮ ದನಿ ತಮ್ಮ ಕಿವಿಯಲ್ಲಿ ಕೇಳುತ್ತಿರುತ್ತದೆ, ಓದುವವರಿಗೆ ಅಕ್ಷರ ಮಾತ್ರ ಸಿಗುತ್ತದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಜೊತೆಗಾರರು 2005ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಲವು ಮಾತು ನಿಜವಾಗಿ, ಕೆಲವು ವ್ಯಂಗ್ಯವಾಗಿ ಇಮೇಲಿನಲ್ಲಿ ಬರೆದು ಕಳಿಸಿದರೆ ಓದುವವರು ಯಾವುದು ಯಾವುದು ಎಂದು ಗುರುತಿಸುತ್ತಾರಾ ಎಂದು ನೋಡಿದರು. ನೂರರಲ್ಲಿ ಸುಮಾರು 78 ಮಾತು ಸರಿಯಾಗಿ ತಿಳಿಯುತ್ತದೆ ಎಂದು ಕಳಿಸಿದವರು ನಂಬಿದ್ದರು. ನಿಜವಾಗಿ ತಿಳಿದದ್ದು ಸುಮಾರು 56, ಅಂದರೆ ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಅದೇ ಮಾತನ್ನು ದನಿಯಲ್ಲಿ ಹೇಳಿದಾಗ ಸುಮಾರು 73 ಸರಿಯಾಗಿ ತಿಳಿಯಿತು. ಅಲ್ಲಿ ಬರೆದವರು ಒಬ್ಬರು, ಓದಿದವರು ಒಬ್ಬರು. ನಮ್ಮ ಗ್ರೂಪಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ, ಒಬ್ಬೊಬ್ಬರಿಗೂ ಒಂದೊಂದು ಹಳೇ ಲೆಕ್ಕ ಬಾಕಿ.

ಏನು ಬೇಕು ಎಂದು ಹುಡುಕಿದ್ದು

'ನಿಮಗೆ ಅವರಿಂದ ಏನು ಬೇಕು?' ಎಂದು ಕೇಳಿದೆ. 'ನಂಗೆ ಎಂತದೂ ಬೇಡ' ಎಂದರು. ಇನ್ನೂ ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಎರಡು ವಿಷಯ ಹೊರಗೆ ಬಂತು. ಒಂದು, ಎಷ್ಟು ಜನ ಎಂದು ಮುಂಚೆ ಗೊತ್ತಾಗಬೇಕು. ಇನ್ನೊಂದು, ಊಟ ಆದ ಮೇಲೆ ಎಲ್ಲರೂ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂರುತ್ತಾರೆ, ಎಲೆ ತೆಗೆಯಲು, ಪಾತ್ರೆ ತೊಳೆಯಲು ಒಬ್ಬರೂ ಬರುವುದಿಲ್ಲ. ಎರಡನೆಯದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ದೊಡ್ಡ ನೋವು ಅದೇ.

ಆದರೂ ಗ್ರೂಪಿಗೆ ಮೊದಲನೆಯದನ್ನು ಮಾತ್ರ ಹಾಕೋಣ ಎಂದು ಇಬ್ಬರೂ ಒಪ್ಪಿದೆವು. ಎರಡನ್ನೂ ಒಟ್ಟಿಗೆ ಹಾಕಿದರೆ ಓದುವವರು ತಮಗೆ ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ಬಿಡುತ್ತಾರೆ, ಅಥವಾ ಕಷ್ಟದ್ದನ್ನು ಹಿಡಿದುಕೊಂಡು ಇಡೀ ಮೆಸೇಜನ್ನು ದೂರು ಎಂದು ತಳ್ಳಿಹಾಕುತ್ತಾರೆ. ಸಂಖ್ಯೆಯ ವಿಷಯ ಎಲ್ಲರಿಗೂ ಸಂಬಂಧಿಸಿದ್ದು, ಎಲ್ಲರ ಮುಂದೆ ಕೇಳಬಹುದು. ಪಾತ್ರೆಯ ವಿಷಯ ಮುಖ ನೋಡಿಕೊಂಡು ಆಡುವ ಮಾತು.

ಆಮೇಲೆ ಬರೆಯಲು ಕೂತರು. ಮೊದಲ ಸಲ ಬರೆದದ್ದು ಉದ್ದ ಆಯಿತು. 'ತಪ್ಪು ತಿಳಿಯಬೇಡಿ, ನೀವು ಬರುವುದು ನಮಗೆ ಸಂತೋಷವೇ, ಹೇಳಬಾರದು, ಆದರೂ ಹೇಳುತ್ತಿದ್ದೇನೆ' ಎಂದೇ ಮೂರು ಸಾಲು ಹೋಗಿತ್ತು. ಅಷ್ಟು ಬಾಗಿದ ಮೇಲೆ ಬರುವ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನು ತೆಗೆದು ಮತ್ತೆ ಬರೆದಾಗ ಪಂಚಾಯ್ತಿ ನೋಟಿಸಿನ ಹಾಗೆ ಬಂತು. 'ಯಾವಾಗಲೂ ಹೀಗೇ ಆಗುತ್ತಿದೆ, ಇನ್ನು ಮುಂದೆ ಎಲ್ಲರೂ ಕಡ್ಡಾಯವಾಗಿ ತಿಳಿಸಬೇಕು.' ಇದರಲ್ಲಿ 'ಯಾವಾಗಲೂ' ಎಂಬುದು ತೊಂದರೆ ಕೊಡುತ್ತದೆ. ಅದನ್ನು ಓದಿದ ಕೂಡಲೇ ತಮ್ಮ, ಮೂರು ವರ್ಷದ ಹಿಂದೆ ನಾನು ಹೇಳಿದ್ದೆನಲ್ಲ ಎಂದು ಹಳೇ ಮೆಸೇಜು ಹುಡುಕಲು ಕೂರುತ್ತಾನೆ. ಮಾತು ಅಲ್ಲಿಗೇ ತಿರುಗುತ್ತದೆ. 'ಎಲ್ಲರೂ', 'ಕೆಲವರು' ಎಂಬುದೂ ಹಾಗೇ. ಹೇಳಿದ ತಪ್ಪು ಮಾಡದವರಿಗೂ ಚುಚ್ಚುತ್ತದೆ, ಮಾಡಿದವರು ಬೇರೆ ಯಾರಿಗೋ ಹೇಳಿದ್ದು ಎಂದು ನುಣುಚಿಕೊಳ್ಳುತ್ತಾರೆ.

ಕೊನೆಗೆ ನಿಂತದ್ದು ಇದು:

'ಶನಿವಾರ ತಿಥಿ. ಹೋದ ವರ್ಷ ಐದು ಜನ ಎಂದು ಅಡುಗೆ ಮಾಡಿದ್ದೆ, ಹನ್ನೊಂದು ಜನ ಆದಿರಿ. ಮತ್ತೆ ಅಡುಗೆಗೆ ಇಡಬೇಕಾಯಿತು, ನಾನು ಉಂಡಾಗ ನಾಲ್ಕು ಗಂಟೆ. ಈ ಸಲ ನನ್ನಿಂದ ಹಾಗೆ ಆಗುವುದಿಲ್ಲ. ಮಕ್ಕಳೂ ಸೇರಿ ಎಷ್ಟು ಜನ ಎಂದು ಬುಧವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಹತ್ತಕ್ಕಿಂತ ಜಾಸ್ತಿ ಇದ್ದರೆ ಅಡುಗೆಗೆ ಜನ ಕರೆಯಬೇಕು, ಅವರಿಗೆ ಗುರುವಾರ ಬೆಳಿಗ್ಗೆ ಹೇಳಬೇಕು.'

ಇದನ್ನು ಬರೆಯಲು ಸುಮಾರು ಒಂದು ಗಂಟೆ ಹಿಡಿಯಿತು. ಜಾಸ್ತಿ ಹೊತ್ತು ಹೋದದ್ದು ಮಧ್ಯದ ಒಂದು ಸಾಲಿಗೆ: 'ಈ ಸಲ ನನ್ನಿಂದ ಹಾಗೆ ಆಗುವುದಿಲ್ಲ.' ಅತ್ತಿಗೆಗೆ ಅದನ್ನು ಬರೆಯಲು ಕೈ ಬರಲಿಲ್ಲ. 'ಬೆನ್ನು ನೋವು ಅಂತ ಹಾಕಲಾ?' ಎಂದು ಕೇಳಿದರು. ಬೆನ್ನು ನೋವು ಇರುವುದೂ ನಿಜ. ನಾನು ಬೇಡ ಎಂದೆ. ಕಾಯಿಲೆಯನ್ನು ಕಾರಣ ಮಾಡಿದರೆ ಉತ್ತರವೂ ಕಾಯಿಲೆಗೇ ಬರುತ್ತದೆ. ಡಾಕ್ಟರಿಗೆ ತೋರಿಸಿ, ಆ ಎಣ್ಣೆ ಹಚ್ಚಿ, ಈ ಬೆಲ್ಟ್ ಹಾಕಿ ಎಂದು ಹತ್ತು ಸಲಹೆ ಬರುತ್ತದೆ, ಸಂಖ್ಯೆ ಬರುವುದಿಲ್ಲ. ಮುಂದಿನ ವರ್ಷ ಬೆನ್ನು ಸರಿ ಇದ್ದರೆ ಕೇಳುವ ಹಕ್ಕೂ ಹೋಯಿತು. ಗಟ್ಟಿಮುಟ್ಟಾಗಿ ಇರುವವರಿಗೂ ಆರು ಜನರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಅಡುಗೆ ಮಾಡುವುದು ಆಗುವುದಿಲ್ಲ ಎನ್ನಲು ಬರಬೇಕು.

ಗಡುವಿಗೆ ಕಾರಣ ಕೊಟ್ಟದ್ದೂ ಮುಖ್ಯ ಎಂದು ನನಗೆ ಈಗ ಅನಿಸುತ್ತದೆ. ಬುಧವಾರದೊಳಗೆ ಎಂದಷ್ಟೇ ಇದ್ದರೆ ಅದು ಅತ್ತಿಗೆಯ ಹಟದಂತೆ ಕಾಣುತ್ತಿತ್ತು. ಗುರುವಾರ ಅಡುಗೆಯವರಿಗೆ ಹೇಳಬೇಕು ಎಂದಾಗ ಅದು ಕೆಲಸದ ಲೆಕ್ಕ ಆಯಿತು. ಇಷ್ಟೆಲ್ಲ ಆದ ಮೇಲೆ ಕಳಿಸುವ ಮುಂಚೆ ನೋಡಬೇಕಾದದ್ದು ಒಂದೇ. ಓದಿದವರು ಇದಕ್ಕೆ ಒಂದು ಸಂಖ್ಯೆಯಿಂದಲೋ, ಹೂಂ ಅಥವಾ ಇಲ್ಲ ಎಂದೋ ಉತ್ತರ ಕೊಡಬಹುದಾ? ಕೊಡಬಹುದಾದರೆ ಮೆಸೇಜು ಸರಿ ಇದೆ.

ಇಲ್ಲಿ ಇನ್ನೊಂದು ಸಣ್ಣ ವಿಷಯ. ಇಂಥದ್ದನ್ನು ಗ್ರೂಪಿನ ಒಳಗೇ ಟೈಪ್ ಮಾಡಬೇಡಿ. ನೀವು ಬರೆದು ಅಳಿಸುತ್ತಾ ಕೂತಿದ್ದರೆ ಗ್ರೂಪು ತೆರೆದಿಟ್ಟವರಿಗೆ ನಿಮ್ಮ ಹೆಸರು, ಟೈಪ್ ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ಕೈ ತಪ್ಪಿ ಅರ್ಧ ಹೋದರೆ ತಿದ್ದಲು ವಾಟ್ಸಾಪ್ ಕೊಡುವುದು 15 ನಿಮಿಷ. ಎಲ್ಲರಿಗೂ ಅಳಿಸಲು ಎರಡು ದಿನದ ಮೇಲೆ ಸಮಯ ಇದೆ, ಆದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅದನ್ನು ನೋಡಿದವರು ಏನು ಬರೆದಿದ್ದರೋ ಎಂದು ಬರೆದದ್ದಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾರೆ. ಬೇರೆ ಕಡೆ ಬರೆದು, ಒಮ್ಮೆ ಜೋರಾಗಿ ಓದಿ, ಆಮೇಲೆ ಹಾಕುವುದು ಒಳ್ಳೆಯದು.

ಕಳಿಸಿದ ಮೇಲೆ

ಸೋಮವಾರ ಸಂಜೆ ಮೆಸೇಜು ಹೋಯಿತು. ಮೊದಲು ಬಂದದ್ದು ಹುಬ್ಬಳ್ಳಿಯ ಚಿಕ್ಕಪ್ಪನಿಂದ, 'ಅತಿಥಿ ದೇವೋ ಭವ' ಎಂಬ ಹೂವಿನ ಚಿತ್ರ. ಅತ್ತಿಗೆ ನನಗೆ ಫೋನ್ ಮಾಡಿ 'ನೋಡಿದ್ಯಾ?' ಎಂದರು. ಅವರ ದನಿ ನಡುಗುತ್ತಿತ್ತು. ಅದಕ್ಕೆ ಉತ್ತರ ಬೇಡ ಎಂದು ನಿರ್ಧಾರ ಮಾಡಿದೆವು. ಅದರಲ್ಲಿ ಪ್ರಶ್ನೆ ಇರಲಿಲ್ಲ.

ರಾತ್ರಿ ತಮ್ಮ ಬರೆದ: 'ಅಂದ್ರೆ ನಾವು ಬರೋದೇ ಬೇಡ ಅಂತಾನಾ ಅತ್ತಿಗೆ?'

ನೇರ ಮಾತಿನಲ್ಲಿ ಮೊದಲ ಮೆಸೇಜಿಗಿಂತ ಈ ಎರಡನೇ ಉತ್ತರ ಕಷ್ಟ. ಇಲ್ಲಿಯೇ ಜನ ಜಾರುತ್ತಾರೆ. ಒಂದೋ, ಅಯ್ಯೋ ಹಾಗಲ್ಲ, ಎಷ್ಟು ಜನ ಆದರೂ ಬನ್ನಿ ಎಂದು ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತಾರೆ. ಇಲ್ಲವೇ, ಹೌದು, ಹೋದ ವರ್ಷ ನಿನ್ನ ಮಾವನ ಮನೆಯವರು ಎಂದು ಹೊಸ ವಿಷಯ ತೆಗೆಯುತ್ತಾರೆ. ಅತ್ತಿಗೆ ಬರೆದದ್ದು ಇಷ್ಟು: 'ಬರಬೇಡಿ ಎಂದು ಹೇಳಿಲ್ಲ. ಬನ್ನಿ. ಎಷ್ಟು ಜನ ಎಂದು ಬುಧವಾರದೊಳಗೆ ಹೇಳಿ.' ಹೊಸ ಮಾತು ಒಂದೂ ಇಲ್ಲ, ಕೇಳಿದ್ದನ್ನೇ ಮತ್ತೆ ಕೇಳಿದರು. ಅದನ್ನು ಓದಿ ನನಗೆ ಅವರ ಬಗ್ಗೆ ತುಂಬಾ ಹೆಮ್ಮೆ ಎನಿಸಿತು.

ಅದರ ಕೆಳಗೆ ಅಣ್ಣ ಬರೆದ: 'ನಾನೂ ಇದನ್ನೇ ಕೇಳುವವನಿದ್ದೆ. ಬುಧವಾರದೊಳಗೆ ಹೇಳಿ.' ಆ ಒಂದು ಸಾಲಿನ ನಂತರ ಚಿಕ್ಕಪ್ಪನ ಕಡೆಯಿಂದ ಚಿತ್ರ ಬರುವುದು ನಿಂತಿತು. ಮಂಗಳವಾರ ತಮ್ಮನ ಹೆಂಡತಿ ಅತ್ತಿಗೆಗೆ ಬೇರೆಯಾಗಿ ಬರೆದಳು: 'ಅಕ್ಕಾ, ಏಳು ಜನ, ಮಕ್ಕಳು ಸೇರಿ. ಹೋದ ವರ್ಷದ್ದು ನಂಗೆ ಗೊತ್ತೇ ಇರಲಿಲ್ಲ.' ಅವಳಿಗೆ ಗೊತ್ತಿರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ. ಅವಳು ಆವತ್ತು ಮಗುವನ್ನು ಮಲಗಿಸಿಕೊಂಡು ಒಳಕೋಣೆಯಲ್ಲಿ ಇದ್ದಳು. ನಾಲ್ಕು ಗಂಟೆಯ ಊಟವನ್ನು ಅವಳು ನೋಡಿಲ್ಲ, ಯಾರೂ ಹೇಳಿಯೂ ಇಲ್ಲ.

ಯಾರು ಹೇಳಬೇಕಿತ್ತು

ನೇರವಾಗಿ ಹೇಳಿ ಎಂದು ಸಲಹೆ ಕೊಡುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಕೊಂಕು ಮಾತು ಜಾಸ್ತಿ ಬರುವುದು ಬೇಡ ಎನ್ನುವ ಅಧಿಕಾರ ಇಲ್ಲದವರಿಂದ. ತಮ್ಮ ನೇರವಾಗಿ ಹೇಳಿದರೆ ಅವನು ಖಡಕ್ಕು. ಅಣ್ಣ ಹೇಳಿದರೆ ಯಜಮಾನ. ಅದೇ ಮಾತನ್ನು ಸೊಸೆ ಹೇಳಿದರೆ ಎದುರು ಮಾತು. ಇಪ್ಪತ್ತು ವರ್ಷ ಹಾಗೆ ಕೇಳಿದವರು ವಿನಯದ ಒಳಗೆ ಸಿಟ್ಟು ಇಟ್ಟು ಕೊಡುವುದನ್ನು ಕಲಿಯುತ್ತಾರೆ. ಅವರಿಗೆ ಉಳಿದಿರುವ ದಾರಿ ಅದೊಂದೇ. ಅದನ್ನು ಸ್ವಭಾವದ ದೋಷ ಎಂದು ನಾನು ಕರೆಯುವುದಿಲ್ಲ.

ಹಾಗಾಗಿ ಕಳಿಸುವ ಮುಂಚೆ ಅತ್ತಿಗೆ ಅಣ್ಣನಿಗೆ ತೋರಿಸಿದ್ದು, ಕೆಳಗೆ ನೀವೂ ಬರೆಯಿರಿ ಎಂದು ಕೇಳಿದ್ದು ಅವರು ಮಾಡಿದ ಜಾಣ ಕೆಲಸ. ನನ್ನ ಮಟ್ಟಿಗೆ ಆ ಮೆಸೇಜು ಮೊದಲೇ ಅಣ್ಣನಿಂದ ಬರಬೇಕಿತ್ತು. ಬರುವವರು ಅವನ ಒಡಹುಟ್ಟಿದವರು, ತಿಥಿ ಅವನ ಅಪ್ಪಯ್ಯನದು. ಇದನ್ನು ಅವನಿಗೂ ಹೇಳಿದ್ದೇನೆ.

ಗ್ರೂಪಿನಲ್ಲಿ ಹೇಳಬಾರದ್ದು

ಎಲ್ಲ ಕೊಂಕನ್ನೂ ಗ್ರೂಪಿನಲ್ಲೇ ನೇರ ಮಾಡಲು ಹೋದರೆ ಕೆಡುತ್ತದೆ. ಮೇ ತಿಂಗಳಿನಲ್ಲಿ ನನ್ನ ಗಂಡನ ಮನೆಯ ಗ್ರೂಪಿನಲ್ಲಿ ಆದದ್ದು ಹೇಳುತ್ತೇನೆ. ಅಂಕೋಲೆಯಿಂದ ನಮ್ಮ ಅತ್ತೆ ಇಶಾಡು ಮಾವಿನ ಹಣ್ಣು ಎಲ್ಲ ಮಕ್ಕಳಿಗೂ ಬಸ್ಸಿನಲ್ಲಿ ಕಳಿಸುತ್ತಾರೆ. ಆ ಸಲ ಯಾರೋ ಹಣ್ಣಿನ ಫೋಟೋ ಹಾಕಿದರು. ನನ್ನ ನಾದಿನಿ ಅದರ ಕೆಳಗೆ ಬರೆದಳು: 'ಹಣ್ಣು ಚೆನ್ನಾಗಿದೆ. ನಮ್ಮ ಊರಿನ ಬಸ್ಸು ಮಾತ್ರ ಸಿಗಲಿಲ್ಲ ಅನ್ಸುತ್ತೆ.'

ಇದನ್ನು ನೇರ ಮಾಡಿದರೆ, ನಂಗೂ ಒಂದು ಪೆಟ್ಟಿಗೆ ಕಳಿಸಿ ಎಂದಾಗುತ್ತದೆ. ಒಂದು ಸಾಲಿನ ಕೆಲಸ. ಆದರೆ ಅವಳಿಗೆ ಬೇಕಾದದ್ದು ಹಣ್ಣಲ್ಲ, ಅಮ್ಮ ತನ್ನನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು ಎಂಬುದು. ಅದನ್ನು ಹನ್ನೆರಡು ಜನರ ಮುಂದೆ ಕೇಳಿದರೆ ಅತ್ತೆಗೆ ಅವಮಾನ, ಕೇಳಿ ಪಡೆದರೆ ಅವಳಿಗೆ ಸಮಾಧಾನ ಇಲ್ಲ. ನಾನು ಅವಳಿಗೆ ಫೋನ್ ಮಾಡಿ, ಅಮ್ಮನ ಜೊತೆ ನೀನೇ ಮಾತಾಡು, ಬೇಜಾರಾಯಿತು ಎಂದು ಹೇಳು ಎಂದೆ. ಎರಡು ದಿನ ಬಿಟ್ಟು ಮಾತಾಡಿದಳು. ಅತ್ತೆ ಹೇಳಿದ್ದಿಷ್ಟು, ಹೋದ ಸಲ ಕಳಿಸಿದ್ದು ದಾರಿಯಲ್ಲೇ ಕೊಳೆತು ಹೋಗಿತ್ತಲ್ಲ, ನೀನೇ ದೂರದ ದಾರಿ, ಕಳಿಸಬೇಡ ಅಂದಿದ್ದೆ. ಅವಳು ಹಾಗೆ ಅಂದಿದ್ದು ಹೌದು, ಅಮ್ಮ ಅಷ್ಟಕ್ಕೇ ಬಿಡಬಾರದಿತ್ತು ಎಂಬ ಬೇಜಾರೂ ಹೌದು. ಎರಡೂ ಆ ಫೋನಿನಲ್ಲಿ ಬಂತು. ಗ್ರೂಪಿನಲ್ಲಿ ಇದು ಬರಲು ಸಾಧ್ಯವಿರಲಿಲ್ಲ.

ನಾನು ಈಗ ಮಾಡಿಕೊಂಡ ಲೆಕ್ಕ ಇಷ್ಟೇ. ದಿನ, ಸಂಖ್ಯೆ, ದುಡ್ಡು, ಯಾರು ಎಲ್ಲಿಗೆ ಹೋಗಬೇಕು, ಇವು ಗ್ರೂಪಿನಲ್ಲಿ ನೇರವಾಗಿ, ಎಲ್ಲರ ಮುಂದೆ. ನನ್ನನ್ನು ಬಿಟ್ಟಿರಿ, ನನಗೆ ಬೆಲೆ ಇಲ್ಲ ಎಂಬ ಮಾತು ಒಬ್ಬರ ಹತ್ತಿರ, ದನಿ ಕೇಳುವ ಹಾಗೆ. ಆಸ್ತಿ ಪಾಲಿನ ವಿಷಯವಾದರೆ ಎರಡೂ ಸಾಲದು, ಎದುರು ಕೂತು ಮಾತಾಡಿ ಕಾಗದದಲ್ಲಿ ಬರೆದುಕೊಳ್ಳಬೇಕು.

ಆ ಶನಿವಾರ ತಮ್ಮನ ಕಡೆಯಿಂದ ಏಳು ಜನವೇ ಬಂದರು. ಎಲ್ಲರ ಲೆಕ್ಕ ಹತ್ತು ದಾಟಿದ್ದರಿಂದ ಅಡುಗೆಗೆ ಒಬ್ಬರು ಭಟ್ಟರು ಬಂದಿದ್ದರು, ಅವರ ಸಂಭಾವನೆ ತಮ್ಮ ಕೊಟ್ಟ. ಅತ್ತಿಗೆ ಎರಡೂವರೆಗೆ ನಮ್ಮ ಸಾಲಿನಲ್ಲೇ ಊಟಕ್ಕೆ ಕೂತರು. ಊಟ ಆದ ಮೇಲೆ ಎಲ್ಲರೂ ಜಗಲಿಗೆ ಹೋದರು, ಪಾತ್ರೆ ಬಚ್ಚಲ ಹತ್ತಿರ ಹಾಗೇ ಇತ್ತು. ನಾನೂ ಅತ್ತಿಗೆಯೂ ತೊಳೆದೆವು. ಆ ವಿಷಯವನ್ನು ಜಾತ್ರೆಗೆ ಎಲ್ಲರೂ ಬಂದಾಗ ಎದುರಿಗೇ ಎತ್ತುತ್ತೇನೆ ಎಂದು ಅತ್ತಿಗೆ ಹೇಳಿದ್ದಾರೆ. ಅಣ್ಣನೂ ಪಕ್ಕದಲ್ಲಿ ಕೂತಿರಬೇಕು ಎಂದು ನಾನು ಹೇಳಿದ್ದೇನೆ, ಅವನು ಹೂಂ ಎಂದಿದ್ದಾನೆ.